‘ಧನ್ಯವಾದ’ದ ನಂತರದ ಸ್ಲೈಡುಗಳು

ಪಿಎಚ್.ಡಿ. ವೈವಾದಲ್ಲಿ ಅಭ್ಯರ್ಥಿ ಹೆಚ್ಚು ಹೆದರುವುದು ತನ್ನ ಮಾತು ಮುಗಿದ ನಂತರದ ಹೊತ್ತಿಗೆ. ನೂರಾರು ಪುಟಗಳ ಮಹಾಪ್ರಬಂಧವನ್ನು ಮೂವತ್ತು ಸ್ಲೈಡುಗಳಿಗೆ ಇಳಿಸುವಾಗ ಎಷ್ಟೋ ಕೋಷ್ಟಕ, ಎಷ್ಟೋ ಕಾರಣಗಳನ್ನು ಬಿಡಬೇಕಾಗುತ್ತದೆ. ಪರೀಕ್ಷಕರ ಕಠಿಣ ಪ್ರಶ್ನೆಗಳು ಬಹುಪಾಲು ಹುಟ್ಟುವುದು ಹೀಗೆ ಬಿಟ್ಟ ಜಾಗದಲ್ಲೇ. ಅವುಗಳಿಗೆ ಉತ್ತರವಾಗಿ ‘ಧನ್ಯವಾದ’ದ ಹಿಂದೆ ಸಿದ್ಧವಾಗಿರುವವೇ ಬ್ಯಾಕಪ್ ಸ್ಲೈಡುಗಳು.

ಪ್ರಶ್ನೆಗಳನ್ನು ಊಹಿಸಲು ಒಂದು ಕ್ರಮವಿದೆ. ಪ್ರತಿ ಸ್ಲೈಡಿನಲ್ಲೂ ನಾವು ಗಟ್ಟಿಯಾಗಿ ಹೇಳಿರುವ ಮಾತಿಗೆ ಗೆರೆ ಎಳೆದು, ಅದನ್ನೇ ಮೂರು ಸಲ ಕೆಣಕಬೇಕು: ಇದು ನಿಮಗೆ ಹೇಗೆ ಗೊತ್ತು? ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೀರಿ? ಎಲ್ಲಿ ಇದು ನಿಲ್ಲುವುದಿಲ್ಲ? ಇದಲ್ಲದೆ, ಪ್ರಬಂಧವನ್ನು ಮೌಲ್ಯಮಾಪನ ಮಾಡಿದವರ ವರದಿ ವೈವಾಕ್ಕೆ ಮುಂಚೆಯೇ ಕೈಸೇರಿದ್ದರೆ, ಅದರ ಒಂದೊಂದು ಆಕ್ಷೇಪವನ್ನೂ ಪ್ರಶ್ನೆಯಾಗಿ ಬರೆದಿಟ್ಟುಕೊಳ್ಳಬೇಕು. ವರದಿ ಬರೆದವರೇ ಎದುರಿಗೆ ಕೂತಿರುವುದು ಸಾಮಾನ್ಯ.

ಒಂದು ಉದಾಹರಣೆ ನೋಡೋಣ. ಕೃಷಿ ವಿದ್ಯಾರ್ಥಿನಿಯೊಬ್ಬಳು ರಾಗಿಗೆ ನಾಲ್ಕು ಬಗೆಯ ಗೊಬ್ಬರದ ಪ್ರಮಾಣ ಕೊಟ್ಟು, ಎರಡು ಮುಂಗಾರು ಹಂಗಾಮಿನಲ್ಲಿ ಪ್ರಯೋಗ ನಡೆಸಿದ್ದಾಳೆ ಎಂದಿಟ್ಟುಕೊಳ್ಳಿ. ಪ್ರತಿ ಪ್ರಮಾಣಕ್ಕೂ ಮೂರು ಪುನರಾವರ್ತನೆ. ಅಂದರೆ ವರ್ಷಕ್ಕೆ 12 ತಾಕು. ‘ಮೂರನೇ ಪ್ರಮಾಣದಲ್ಲಿ ಇಳುವರಿ ಹೆಚ್ಚು’ ಎಂಬುದು ಅವಳ ಮುಖ್ಯ ಸ್ಲೈಡಿನ ಮಾತು. ಅದಕ್ಕೆ ‘ಹೇಗೆ ಗೊತ್ತು?’ ಎಂದು ಕೇಳಿಕೊಂಡರೆ ಪರೀಕ್ಷಕರ ಪ್ರಶ್ನೆ ಕಾಣುತ್ತದೆ: ‘ಮೂರೇ ಪುನರಾವರ್ತನೆ ಸಾಕೇನಮ್ಮ?’

ಈ ಪ್ರಶ್ನೆಯ ಹಿಂದೆ ಒಂದು ಲೆಕ್ಕವಿದೆ. ತಾಕಿನಿಂದ ತಾಕಿಗೆ ತಾನಾಗಿ ಬರುವ ಏರುಪೇರನ್ನು ಅಳೆಯಲು ಸಿಗುವ ಸ್ವತಂತ್ರ ಮಾಹಿತಿಗೆ ಸಂಖ್ಯಾಶಾಸ್ತ್ರದವರು ಡಿಗ್ರಿ ಆಫ್ ಫ್ರೀಡಂ ಎನ್ನುತ್ತಾರೆ. ಇಲ್ಲಿ ಅದು (4−1)×(3−1), ಅಂದರೆ 6. ಕನಿಷ್ಠ 12 ಇರಲಿ ಎಂಬುದು ಕ್ಷೇತ್ರ ಪ್ರಯೋಗಗಳಲ್ಲಿ ರೂಢಿಯ ಮಾತು. ಅದು ಕಡಿಮೆಯಾದಷ್ಟೂ, ಎರಡು ಇಳುವರಿಗಳ ನಡುವಿನ ಅಂತರ ನಿಜವೆನ್ನಲು ದೊಡ್ಡ ವ್ಯತ್ಯಾಸವೇ ಬೇಕಾಗುತ್ತದೆ. ಆದರೆ ಎರಡೂ ವರ್ಷದ ಏರುಪೇರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆಯೆಂದು ಪರೀಕ್ಷಿಸಿ ತೋರಿಸಿದರೆ, ಎರಡನ್ನೂ ಕೂಡಿಸಿ ವಿಶ್ಲೇಷಿಸಬಹುದು. ಆಗ 6ಕ್ಕೆ 6 ಸೇರಿ 12 ಆಗುತ್ತದೆ.

ಬ್ಯಾಕಪ್ ಸ್ಲೈಡಿನಲ್ಲಿ ಇರಬೇಕಾದದ್ದು ಇಷ್ಟೇ. ಅದರ ತಲೆಬರಹವೇ ಉತ್ತರವಾಗಿರಲಿ: ‘ಎರಡು ವರ್ಷ ಕೂಡಿಸಿದಾಗಲೂ ಮೂರನೇ ಪ್ರಮಾಣವೇ ಮುಂದೆ’. ಕೆಳಗೆ ಒಂದು ಚಿಕ್ಕ ಕೋಷ್ಟಕ: ವರ್ಷವಾರು ಇಳುವರಿ, ಕೂಡಿಸಿದ ಸರಾಸರಿ, ವ್ಯತ್ಯಾಸ ನಿಜವೆನ್ನಲು ಬೇಕಾದ ಕನಿಷ್ಠ ಅಂತರ. ಪ್ರಬಂಧದ ಹತ್ತು ಕಂಬಸಾಲಿನ ಕೋಷ್ಟಕವನ್ನು ಹಾಗೇ ಅಂಟಿಸಿದರೆ, ಕೇಳಿದವರೂ ಹೇಳುವವರೂ ಅದರಲ್ಲಿ ಅಂಕಿ ಹುಡುಕುತ್ತಾ ನಿಲ್ಲಬೇಕಾಗುತ್ತದೆ. ಒಂದು ಸ್ಲೈಡಿಗೆ ಒಂದೇ ಪ್ರಶ್ನೆ. ಬಾಯಿಮಾತಿನಲ್ಲೇ ಮುಗಿಯುವ ಉತ್ತರಕ್ಕೆ ಸ್ಲೈಡೇ ಬೇಡ.

ಮಾಡಿಟ್ಟ ಸ್ಲೈಡು ಹೊತ್ತಿಗೆ ಸಿಗದಿದ್ದರೆ ಇದ್ದೂ ಇಲ್ಲದಂತೆ. ಪವರ್‌ಪಾಯಿಂಟ್ ಪ್ರದರ್ಶನದ ನಡುವೆ ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಹೊಡೆದರೆ ನೇರವಾಗಿ ಅಲ್ಲಿಗೆ ಹೋಗಬಹುದು; ಮರೆಮಾಡಿದ ಸ್ಲೈಡೂ ಹೀಗೆ ತೆರೆಯುತ್ತದೆ. ಹಾಗಾಗಿ ಪ್ರಶ್ನೆ ಮತ್ತು ಸ್ಲೈಡ್ ಸಂಖ್ಯೆಯ ಪಟ್ಟಿಯೊಂದು ಕಾಗದದಲ್ಲಿ ಕೈಗೆಟುಕುವಂತಿರಲಿ. ಮಧ್ಯೆ ಒಂದು ಸ್ಲೈಡು ಸೇರಿಸಿದರೂ ಮುಂದಿನ ಸಂಖ್ಯೆಗಳೆಲ್ಲ ಬದಲಾಗುವುದರಿಂದ ಪಟ್ಟಿಯನ್ನು ಕೊನೆಗೇ ಬರೆಯಬೇಕು. ಸಿದ್ಧತೆ ಸಾಲದೆಂದು ತಿಳಿಯುವ ದಾರಿ ಸುಲಭ: ಗೆಳೆಯರೊಬ್ಬರು ಪಟ್ಟಿಯ ಪ್ರಶ್ನೆಗಳನ್ನು ಹಿಂದುಮುಂದಾಗಿ ಕೇಳಲಿ. ಸ್ಲೈಡು ಹುಡುಕುತ್ತಾ ಪರದೆಯ ಮೇಲೆ ಒಂದೊಂದೇ ಸರಿಸಬೇಕಾಗಿ ಬಂದರೆ ಇನ್ನೂ ಅಭ್ಯಾಸ ಬೇಕೆಂದೇ ಅರ್ಥ.

ವೈವಾದಲ್ಲಿ ಮೊದಲು ಬಾಯಲ್ಲಿ ಒಂದು ವಾಕ್ಯದ ಉತ್ತರ, ಆಮೇಲೆ ಸ್ಲೈಡು. ‘ಹೌದು ಸರ್, ಒಂದೇ ವರ್ಷದ್ದು ನೋಡಿದರೆ ಮೂರು ಕಡಿಮೆಯೇ. ಅದಕ್ಕೇ ಎರಡು ವರ್ಷ ಕೂಡಿಸಿ ನೋಡಿದ್ದೇನೆ’ ಎಂದು ಹೇಳಿ ಕೋಷ್ಟಕ ತೆರೆದರೆ, ಕೇಳಿದವರಿಗೆ ಏನನ್ನು ನೋಡಬೇಕೆಂದು ಗೊತ್ತಿರುತ್ತದೆ.

ಈ ಸ್ಲೈಡು ಕಟ್ಟುವಾಗಲೇ ಇನ್ನೊಂದು ಸಂಗತಿ ಹೊರಬೀಳಬಹುದು. ಗೊಬ್ಬರದ ಪರಿಣಾಮ ಒಳ್ಳೆ ಮಳೆಯ ವರ್ಷ ಒಂದು ರೀತಿ, ಮಳೆ ಕೈಕೊಟ್ಟ ವರ್ಷ ಇನ್ನೊಂದು ರೀತಿ ಇದ್ದಿರಬಹುದು. ಹಾಗಿದ್ದರೆ ಎರಡರ ಸರಾಸರಿಯನ್ನು ನೆಚ್ಚಿಕೊಂಡು ಶಿಫಾರಸು ಮಾಡುವಂತಿಲ್ಲ. ಆಗ ಅದನ್ನು ಬ್ಯಾಕಪ್‌ನಲ್ಲಿ ಅಡಗಿಸಿಡದೆ ಮುಖ್ಯ ಸ್ಲೈಡಿನ ವಾಕ್ಯವನ್ನೇ ತಿದ್ದಬೇಕು: ‘ಮಳೆ ಸಾಕಷ್ಟಿದ್ದ ವರ್ಷ ಮೂರನೇ ಪ್ರಮಾಣದಲ್ಲಿ ಇಳುವರಿ ಹೆಚ್ಚು’. ಗೊಬ್ಬರಕ್ಕೆ ದುಡ್ಡು ಹಾಕುವ ರೈತನಿಗೆ ಬೇಕಾದದ್ದೂ ಆ ವಾಕ್ಯವೇ.