ಮುಕ್ಕಾಲು ಸಾಮರ್ಥ್ಯ ಖಾಲಿ, ಆದರೂ ಟಿಕೆಟ್ ಇಲ್ಲ

ದೊಡ್ಡ ಕ್ರಿಕೆಟ್ ಪಂದ್ಯವೊಂದರ ಟಿಕೆಟ್ ಮಾರಾಟ ಬೆಳಿಗ್ಗೆ 10 ಗಂಟೆಗೆ ಶುರುವಾಗುತ್ತದೆ ಎಂದುಕೊಳ್ಳಿ. ಗಂಟೆ ಹತ್ತಾಗುತ್ತಿದ್ದಂತೆ ಸಾವಿರಾರು ಜನ ಒಟ್ಟಿಗೆ ಆ್ಯಪ್ ತೆರೆದು ಗುಂಡಿ ಒತ್ತುತ್ತಾರೆ. ಕೆಲವರಿಗೆ ಟಿಕೆಟ್ ಸಿಗುತ್ತದೆ. ಉಳಿದವರಿಗೆ ‘ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ’ ಎಂಬ ಉತ್ತರ ಬರುತ್ತದೆ. ಅತ್ತ ಆ್ಯಪ್ ನಡೆಸುವ ಎಂಜಿನಿಯರ್‌ಗಳು ಡೇಟಾಬೇಸಿನ ಗ್ರಾಫ್ ನೋಡಿದರೆ, ಹಣ ಕೊಟ್ಟು ಕಾದಿರಿಸಿದ ಸಾಮರ್ಥ್ಯದಲ್ಲಿ ಕಾಲು ಭಾಗವಷ್ಟೇ ಬಳಕೆಯಾಗಿದೆ. ಮುಕ್ಕಾಲು ಪಾಲು ಖಾಲಿಯಿದ್ದೂ ಡೇಟಾಬೇಸು ಜನರನ್ನು ವಾಪಸ್ ಕಳಿಸಿದ್ದೇಕೆ?

ಅಮೆಜಾನ್ 2012ರಲ್ಲಿ ಹೊರತಂದ ಡೈನಮೋಡಿಬಿ ಎಂಬ ಡೇಟಾಬೇಸನ್ನು ಬಳಸುವವರು ಎದುರಿಸುವ ಪ್ರಶ್ನೆಯಿದು. ಇಲ್ಲಿ ಸರ್ವರ್ ಕೊಳ್ಳುವ ಕೆಲಸವಿಲ್ಲ. ಒಂದು ಟೇಬಲ್ ಮಾಡಿ, ಅದಕ್ಕೆ ಸೆಕೆಂಡಿಗೆ ಎಷ್ಟು ಓದು, ಎಷ್ಟು ಬರಹ ಬೇಕೆಂದು ಮೊದಲೇ ಹೇಳಿ ಕಾದಿರಿಸಬಹುದು. ಬರಹದ ಅಳತೆಗೋಲು ಸರಳ: 1 ಕೆಬಿವರೆಗಿನ ದಾಖಲೆಯೊಂದನ್ನು ಸೆಕೆಂಡಿಗೆ ಒಮ್ಮೆ ಬರೆಯಲು 1 ಯೂನಿಟ್. ದಾಖಲೆ 1.5 ಕೆಬಿ ಇದ್ದರೆ ಲೆಕ್ಕ ಮೇಲಕ್ಕೆ ಹೋಗಿ 2 ಯೂನಿಟ್ ಆಗುತ್ತದೆ. ಮಿತಿ ಮೀರಿದ ಕೋರಿಕೆಯನ್ನು ಡೈನಮೋಡಿಬಿ ಸಾಲಿನಲ್ಲಿ ನಿಲ್ಲಿಸಿ ಕಾಯಿಸುವುದಿಲ್ಲ, ಕೂಡಲೇ ತಿರಸ್ಕರಿಸುತ್ತದೆ. ಇದೇ ಥ್ರಾಟ್ಲಿಂಗ್. ಆಗ ಲಾಗ್‌ನಲ್ಲಿ `ProvisionedThroughputExceededException` ಎಂಬ ಸಾಲು ಕಾಣಿಸುತ್ತದೆ.

ನಮ್ಮ ಟಿಕೆಟ್ ಆ್ಯಪ್ 4000 ಯೂನಿಟ್ ಕಾದಿರಿಸಿದೆ ಎನ್ನೋಣ. ಸೆಕೆಂಡಿಗೆ 1500 ಜನ ಬುಕಿಂಗ್ ಮಾಡುತ್ತಾರೆ, ಪ್ರತಿ ಬುಕಿಂಗ್ ದಾಖಲೆ 1.5 ಕೆಬಿ. ಬೇಕಾದದ್ದು 3000 ಯೂನಿಟ್, ಕೈಯಲ್ಲಿರುವುದು 4000. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಆದರೆ ಟೇಬಲ್ ಎನ್ನುವುದು ಒಂದೇ ಯಂತ್ರದಲ್ಲಿ ಇರುವುದಿಲ್ಲ. ಡೈನಮೋಡಿಬಿ ಅದನ್ನು ಪಾರ್ಟಿಷನ್ ಎಂಬ ತುಂಡುಗಳಾಗಿ ಬೇರೆ ಬೇರೆ ಯಂತ್ರಗಳಿಗೆ ಹಂಚುತ್ತದೆ. ಯಾವ ದಾಖಲೆ ಯಾವ ತುಂಡಿಗೆ ಸೇರಬೇಕೆಂಬುದನ್ನು ಆ ದಾಖಲೆಯ ಪಾರ್ಟಿಷನ್ ಕೀ ನಿರ್ಧರಿಸುತ್ತದೆ. ಒಂದೊಂದು ಪಾರ್ಟಿಷನ್ ಸೆಕೆಂಡಿಗೆ ಹೆಚ್ಚೆಂದರೆ 1000 ಬರಹದ ಯೂನಿಟ್, 3000 ಓದಿನ ಯೂನಿಟ್ ಮಾತ್ರ ನಿಭಾಯಿಸುತ್ತದೆ. ಎಷ್ಟೇ ಹಣ ಕೊಟ್ಟರೂ ಈ ಮಿತಿ ಏರುವುದಿಲ್ಲ. ಚುನಾವಣೆಯ ದಿನ ಪಕ್ಕದ ಕೋಣೆಯ ಮತಗಟ್ಟೆ ಖಾಲಿ ಹೊಡೆಯುತ್ತಿದ್ದರೂ, ನಮ್ಮ ಹೆಸರಿರುವ ಮತಗಟ್ಟೆಯ ಸಾಲಿನಲ್ಲೇ ನಿಲ್ಲಬೇಕಲ್ಲ, ಹಾಗೆ.

ಆ್ಯಪ್ ಕಟ್ಟಿದವರು ಪಂದ್ಯದ ಸಂಖ್ಯೆಯನ್ನೇ ಪಾರ್ಟಿಷನ್ ಕೀ ಮಾಡಿದ್ದರು. ಮಾಮೂಲಿ ದಿನಗಳಲ್ಲಿ ನೂರಾರು ಪಂದ್ಯಗಳಿಗೆ ಬುಕಿಂಗ್ ಹಂಚಿಹೋಗುತ್ತಿದ್ದುದರಿಂದ ತೊಂದರೆ ಕಾಣಲಿಲ್ಲ. ಇಂದು ಎಲ್ಲರಿಗೂ ಬೇಕಾದದ್ದು ಒಂದೇ ಪಂದ್ಯ, ಹಾಗಾಗಿ ಎಲ್ಲ ಬರಹವೂ ಒಂದೇ ಪಾರ್ಟಿಷನ್ನಿನ ಮೇಲೆ ಬಿತ್ತು. ಎಂಜಿನಿಯರ್‌ಗಳು ಇದನ್ನೇ ಹಾಟ್ ಪಾರ್ಟಿಷನ್ ಎನ್ನುತ್ತಾರೆ. ಅದು 1000 ಯೂನಿಟ್‌ನಲ್ಲಿ ಸೆಕೆಂಡಿಗೆ 500 ಬುಕಿಂಗ್ ಬರೆದುಕೊಂಡು, ಉಳಿದ 1000 ಬುಕಿಂಗ್‌ಗಳನ್ನು ತಿರಸ್ಕರಿಸಿತು. 4000ದಲ್ಲಿ 1000 ಎಂದರೆ ಗ್ರಾಫಿನಲ್ಲಿ ಶೇ 25.

ತಾನಾಗಿಯೇ ಸಾಮರ್ಥ್ಯ ಏರಿಸುವ ಆಟೋ ಸ್ಕೇಲಿಂಗ್ ಇತ್ತಲ್ಲ ಎಂದು ಕೇಳಬಹುದು. ಅದು ನೋಡುವುದು ಬಳಕೆಯಾದ ಯೂನಿಟ್‌ಗಳನ್ನು, ತಿರಸ್ಕೃತ ಕೋರಿಕೆಗಳನ್ನಲ್ಲ. ಬಳಕೆಯ ಗುರಿಯನ್ನು ಶೇ 70ಕ್ಕೆ ಇಟ್ಟಿದ್ದರೆ, ಶೇ 25 ಕಂಡ ಆಟೋ ಸ್ಕೇಲಿಂಗ್ ಸಾಮರ್ಥ್ಯ ಏರಿಸುವ ಬದಲು ಇಳಿಸಲೂ ಹೊರಡಬಹುದು. ಹಿಂದಿನ 5 ನಿಮಿಷಗಳಲ್ಲಿ ಬಳಸದೆ ಉಳಿದದ್ದನ್ನು ಹಠಾತ್ ಏರಿಕೆಗೆಂದು ಡೈನಮೋಡಿಬಿ ಎತ್ತಿಡುತ್ತದೆ ನಿಜ, ಆದರೆ ಅದೂ ಪಾರ್ಟಿಷನ್ ಮಿತಿಯನ್ನು ದಾಟಿಸದು. ಬಳಸಿದಷ್ಟಕ್ಕೆ ಮಾತ್ರ ಹಣ ಕೊಡುವ ಆನ್-ಡಿಮಾಂಡ್ ವಿಧಾನಕ್ಕೆ ಬದಲಾಯಿಸಿದರೂ ಅದೇ ಮಿತಿ ಅನ್ವಯಿಸುತ್ತದೆ.

ಇನ್ನು ತಿರಸ್ಕೃತವಾದ ಕೋರಿಕೆಗಳ ಪಾಡು. ಅವು ಸುಮ್ಮನೆ ಮರೆಯಾಗುವುದಿಲ್ಲ. ಆ್ಯಪ್ ಬಳಸುವ ಅಮೆಜಾನಿನ ಸಾಫ್ಟ್‌ವೇರ್ ಕಿಟ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಒಂದು ಕೋರಿಕೆಗೆ ಅದು ಒಟ್ಟು 3 ಬಾರಿ ಯತ್ನಿಸಿ, ಅದರ ಮೇಲೆ ಆ್ಯಪ್‌ನ ಕೋಡ್ ಕೂಡ 3 ಬಾರಿ ಯತ್ನಿಸುವಂತೆ ಬರೆದಿದ್ದರೆ, ಒಬ್ಬ ಗ್ರಾಹಕ ಒಮ್ಮೆ ಒತ್ತಿದ್ದು 9 ಕೋರಿಕೆಗಳವರೆಗೆ ಬೆಳೆಯುತ್ತದೆ. ಸಿಟ್ಟಿಗೆದ್ದ ಗ್ರಾಹಕ ಮತ್ತೆ ಒತ್ತಿದರೆ ಇನ್ನೊಂದು 9. ಪಾರ್ಟಿಷನ್ ಬರೆದುಕೊಳ್ಳುವುದು ಮಾತ್ರ ಅದೇ ಸೆಕೆಂಡಿಗೆ 500.

ಮರುಯತ್ನ ಎಷ್ಟು ಅಪಾಯಕಾರಿ ಎಂಬುದನ್ನು ಅಮೆಜಾನ್ ಸ್ವತಃ ಅನುಭವಿಸಿದೆ. 2015ರ ಸೆಪ್ಟೆಂಬರ್ 20ರಂದು ಅಮೆರಿಕದ ವರ್ಜೀನಿಯಾ ವಲಯದಲ್ಲಿ ನೆಟ್‌ವರ್ಕ್ ಸ್ವಲ್ಪ ಹೊತ್ತು ತೊಡಕಾಯಿತು. ಆಗ ಡೈನಮೋಡಿಬಿಯ ಸ್ಟೋರೇಜ್ ಸರ್ವರ್‌ಗಳು ತಮ್ಮ ಪಾಲಿನ ಪಾರ್ಟಿಷನ್‌ಗಳ ಪಟ್ಟಿಯನ್ನು ಒಳಗಿನ ಮೆಟಾಡೇಟಾ ಸೇವೆಯಿಂದ ಮತ್ತೆ ಮತ್ತೆ ಕೇಳತೊಡಗಿದವು. ಆ ಮರುಯತ್ನಗಳ ಭಾರ ಎಷ್ಟಿತ್ತೆಂದರೆ, ಸೇವೆಗೆ ಹೊಸ ಸಾಮರ್ಥ್ಯ ಸೇರಿಸಲೂ ಎಂಜಿನಿಯರ್‌ಗಳಿಗೆ ಆಗಲಿಲ್ಲ. ಕೊನೆಗೆ ಬರುವ ಕೋರಿಕೆಗಳನ್ನೇ ತಡೆದು ನಿಲ್ಲಿಸಿ, ಸಾಮರ್ಥ್ಯ ಸೇರಿಸಿ, ಸೇವೆಯನ್ನು ಚೇತರಿಸಬೇಕಾಯಿತು.

ಆದ್ದರಿಂದ ಮರುಯತ್ನಗಳ ನಡುವಿನ ಬಿಡುವು ಪ್ರತಿ ಬಾರಿ ದುಪ್ಪಟ್ಟಾಗಬೇಕು, ಅದರಲ್ಲಿ ಯಾದೃಚ್ಛಿಕತೆಯೂ ಇರಬೇಕು. ಎಲ್ಲರೂ ಸರಿಯಾಗಿ 100 ಮಿಲಿಸೆಕೆಂಡ್ ಕಾದರೆ ಎಲ್ಲರೂ ಒಟ್ಟಿಗೇ ಮರಳಿ ಬಂದು ಬೀಳುತ್ತಾರೆ. ಲೆಕ್ಕ ಹೀಗಿರುತ್ತದೆ:

```
wait = random(0, min(cap, base * 2 ** attempt))
```

`base` 50 ಮಿಲಿಸೆಕೆಂಡ್ ಆದರೆ ಕಾಯುವ ಗರಿಷ್ಠ ಹೊತ್ತು 50, 100, 200 ಎಂದು ಏರುತ್ತದೆ, `cap` ಅದಕ್ಕೆ ಮೇಲ್ಮಿತಿ. ಮರುಯತ್ನ ಒಂದೇ ಹಂತದಲ್ಲಿ ಇರಲಿ: ಕಿಟ್ ಮಾಡುತ್ತಿದ್ದರೆ ಆ್ಯಪ್‌ನ ಕೋಡ್ ಮಾಡುವುದು ಬೇಡ. ಇಷ್ಟಾದರೂ ಇದು ಕೆಲವೇ ಸೆಕೆಂಡಿನ ಏರಿಕೆಗೆ ಮದ್ದು. ಹತ್ತು ನಿಮಿಷ ಸತತವಾಗಿ 1500 ಬುಕಿಂಗ್ ಬರುತ್ತಿದ್ದರೆ, ಸೆಕೆಂಡಿಗೆ 500ರ ಬಾಗಿಲಲ್ಲಿ ಯಾವ ಮರುಯತ್ನವೂ ಎಲ್ಲರನ್ನೂ ಒಳಗೆ ಸೇರಿಸಲಾರದು.

ನಿಜವಾದ ಪರಿಹಾರ ಕೀಯಲ್ಲಿದೆ. ಪಂದ್ಯದ ಸಂಖ್ಯೆಯ ಕೊನೆಗೆ 0ಯಿಂದ 9ರವರೆಗಿನ ಒಂದು ಅಂಕಿಯನ್ನು ಯಾದೃಚ್ಛಿಕವಾಗಿ ಸೇರಿಸಿದರೆ, `MATCH#2041` ಎಂಬ ಒಂದು ಕೀಯ ಬದಲು `MATCH#2041#0` ಇಂದ `MATCH#2041#9` ವರೆಗೆ ಹತ್ತು ಕೀಗಳಾಗುತ್ತವೆ. 3000 ಯೂನಿಟ್ ಹತ್ತು ಕಡೆ ಹಂಚಿ ಒಂದೊಂದಕ್ಕೆ ಸುಮಾರು 300 ಬೀಳುತ್ತದೆ. ನಾಲ್ಕು ಕೀಗಳು ಅಕಸ್ಮಾತ್ ಒಂದೇ ಪಾರ್ಟಿಷನ್ ಸೇರಿದರೆ 1200 ಆಗಿ ಮತ್ತೆ ಥ್ರಾಟ್ಲಿಂಗ್ ಆಗಬಹುದು. ಆದರೆ ಬೇರೆ ಬೇರೆ ಕೀಗಳಿರುವ ಪಾರ್ಟಿಷನ್ ಬಿಸಿಯಾದರೆ ಡೈನಮೋಡಿಬಿ ಅದನ್ನು ಒಡೆದು ಕೀಗಳನ್ನು ಬೇರ್ಪಡಿಸಬಲ್ಲದು. ಒಂದೇ ಕೀಯಡಿ ಸಮಯದ ಕ್ರಮದಲ್ಲಿ ಬರೆಯುತ್ತಿದ್ದರೆ ಒಡೆದರೂ ಉಪಯೋಗವಿಲ್ಲ: ಹೊಸ ದಾಖಲೆಗಳೆಲ್ಲ ಕೊನೆಯ ತುಂಡಿಗೇ ಬೀಳುತ್ತವೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಆ ಪಂದ್ಯದ ಎಲ್ಲ ಬುಕಿಂಗ್‌ಗಳನ್ನು ನೋಡಲು ಇನ್ನು ಹತ್ತು ಕೀಗಳನ್ನೂ ಕೇಳಿ ಉತ್ತರಗಳನ್ನು ಕೂಡಿಸಬೇಕು. ಅದನ್ನು ತಪ್ಪಿಸಲೆಂದು ಪಂದ್ಯದ ಸಂಖ್ಯೆಯ ಮೇಲೆ ಗ್ಲೋಬಲ್ ಇಂಡೆಕ್ಸ್ ಒಂದನ್ನು ಕಟ್ಟಿದರೆ, ಹಳೆಯ ಹಾಟ್ ಪಾರ್ಟಿಷನ್ ಇಂಡೆಕ್ಸಿನಲ್ಲಿ ಮತ್ತೆ ಹುಟ್ಟುತ್ತದೆ. ಇಂಡೆಕ್ಸ್ ಹಿಂದೆ ಬಿದ್ದರೆ ಮೂಲ ಟೇಬಲಿನ ಬರಹಗಳೂ ತಿರಸ್ಕೃತವಾಗುತ್ತವೆ.

ರೋಗ ಗುರುತಿಸುವುದು ಕಷ್ಟವಲ್ಲ. ಕ್ಲೌಡ್‌ವಾಚ್‌ನಲ್ಲಿ `WriteThrottleEvents` ಏರುತ್ತಿದ್ದು, `ConsumedWriteCapacityUnits` ಕಾದಿರಿಸಿದ್ದಕ್ಕಿಂತ ತುಂಬಾ ಕೆಳಗೆ ಸಮತಟ್ಟಾಗಿ ನಿಂತಿದ್ದರೆ ಹಾಟ್ ಪಾರ್ಟಿಷನ್ನನ್ನೇ ಮೊದಲು ಶಂಕಿಸಬೇಕು. ಯಾವ ಕೀ ಎಂಬುದನ್ನು ಕಾಂಟ್ರಿಬ್ಯೂಟರ್ ಇನ್‌ಸೈಟ್ಸ್ ಹೆಸರು ಹಿಡಿದು ತೋರಿಸುತ್ತದೆ. ಬಳಕೆಯ ಗೆರೆ ಕಾದಿರಿಸಿದ ಮಿತಿಗೆ ತಾಗಿದ್ದರೆ ಮಾತ್ರ ಹೆಚ್ಚು ಯೂನಿಟ್ ಕೊಳ್ಳುವುದರಲ್ಲಿ ಅರ್ಥವಿದೆ.

ಆದ್ದರಿಂದ ಇಂಥ ಟೇಬಲ್ ಕಟ್ಟುವವರಲ್ಲಿ ಒಂದು ವಿನಂತಿ. ಒಟ್ಟು ಎಷ್ಟು ಯೂನಿಟ್ ಬೇಕು ಎಂದು ಕೇಳಿಕೊಳ್ಳುವ ಮೊದಲು, ಅತ್ಯಂತ ಜನಜಂಗುಳಿಯ ದಿನ ಅತ್ಯಂತ ಬೇಡಿಕೆಯ ಒಂದು ಕೀಗೆ ಸೆಕೆಂಡಿಗೆ ಎಷ್ಟು ಬರಹ ಬರುತ್ತದೆ ಎಂದು ಲೆಕ್ಕ ಹಾಕಿ. ಉತ್ತರ 1000 ಯೂನಿಟ್ ಸಮೀಪಿಸಿದರೆ ಕೀಯನ್ನು ಮಾರಾಟ ಶುರುವಾಗುವ ಮೊದಲೇ ಬದಲಾಯಿಸಿ. ಮಾರಾಟ ಶುರುವಾದ ಮೇಲೆ ಅದನ್ನು ಬದಲಿಸುವುದು ಬಹಳ ಕಷ್ಟ.