ವಿಮಾ ಪರಿಹಾರ: ‘ಪೂರ್ಣ ಮತ್ತು ಅಂತಿಮ’ ಎಂಬ ಕಾಗದಕ್ಕೆ ಸಹಿ ಹಾಕುವ ಮುನ್ನ

ದೊಡ್ಡಗಾಜನೂರಿನಂತಹ ತಾಳವಾಡಿ ಮಲೆಯ ಊರುಗಳಿಂದ ಸತ್ಯಮಂಗಲಕ್ಕೆ ಹೋಗುವವರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಲೇಬೇಕು. ಅಲ್ಲಿ ಕಾರು ತಡೆಗೋಡೆಗೆ ತಾಗಿ ಜಖಂಗೊಂಡರೆ ವಿಮಾ ಕಂಪನಿಯ ಸರ್ವೇಯರ್ ನಷ್ಟವನ್ನು ಅಂದಾಜಿಸುತ್ತಾರೆ. ಬಳಿಕ ಡಿಸ್ಚಾರ್ಜ್ ವೋಚರ್ ಎಂಬ ಕಾಗದ ಕೈಸೇರುತ್ತದೆ. ‘ಇಂತಿಷ್ಟು ಹಣವನ್ನು ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ ಒಪ್ಪಿದ್ದೇನೆ’ ಎಂಬುದು ಅದರ ಸಾರ. ಅದು ಇಂಗ್ಲಿಷಿನಲ್ಲಿಯೋ ತಮಿಳಿನಲ್ಲಿಯೋ ಇರುವುದರಿಂದ, ಕನ್ನಡದಲ್ಲಿ ಸಹಿ ಹಾಕುವ ನಮ್ಮ ಪೋಷಕರು ತಾವು ಏನನ್ನು ಒಪ್ಪುತ್ತಿದ್ದೇವೆಂದು ಅರಿಯುವುದು ಅಗತ್ಯ.

ಮೊದಲು ಲೆಕ್ಕವನ್ನು ನೋಡೋಣ. ಎರಡು ವರ್ಷ ನಾಲ್ಕು ತಿಂಗಳು ಹಳೆಯದಾದ ಸಣ್ಣ ಸ್ವಂತ ಕಾರಿನ ದುರಸ್ತಿಗೆ 2,00,000 ರೂಪಾಯಿ ಬಿಲ್ಲಾಗಿದೆ ಎಂದಿಟ್ಟುಕೊಳ್ಳೋಣ. ಲೋಹದ ಭಾಗಗಳಿಗೆ 1,20,000, ಪ್ಲಾಸ್ಟಿಕ್ ಭಾಗಗಳಿಗೆ 40,000, ಗಾಜಿಗೆ 10,000, ಕೂಲಿಗೆ 30,000. ಸವಕಳಿಯನ್ನು ಮನ್ನಿಸುವ ಹೆಚ್ಚುವರಿ ರಕ್ಷಣೆ ಪಾಲಿಸಿಯಲ್ಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಶೇ. 50 ಸವಕಳಿ, ಗಾಜಿಗೆ ಸವಕಳಿಯಿಲ್ಲ. ಲೋಹಕ್ಕೆ ಮಾತ್ರ ವಾಹನದ ವಯಸ್ಸಿನಂತೆ: ಎರಡರಿಂದ ಮೂರು ವರ್ಷಕ್ಕೆ ಶೇ. 15, ಮೂರರಿಂದ ನಾಲ್ಕು ವರ್ಷಕ್ಕೆ ಶೇ. 25. ಹೀಗೆ ಲೋಹಕ್ಕೆ 1,02,000, ಪ್ಲಾಸ್ಟಿಕ್ಕಿಗೆ 20,000 ಸೇರಿ ಒಟ್ಟು 1,62,000. ಪಾಲಿಸಿದಾರರೇ ಭರಿಸಬೇಕಾದ 1,000 ಕಳೆದರೆ 1,61,000 ಬರಬೇಕು. ಕಂಪನಿ ಶೇ. 25ರ ಸಾಲನ್ನು ಹಿಡಿದರೆ 1,49,000 ಮಾತ್ರ ಬರುತ್ತದೆ. ವೋಚರಿನಲ್ಲಿ ಒಟ್ಟು ಮೊತ್ತವಷ್ಟೇ ಇರುವುದರಿಂದ 12,000 ರೂಪಾಯಿಯ ಈ ತಪ್ಪು ಕಾಣುವುದೇ ಇಲ್ಲ. ಆದ್ದರಿಂದ ಸಹಿಗೆ ಮುಂಚೆ ಸರ್ವೇ ವರದಿಯ ಪ್ರತಿಯನ್ನು ಬರಹದಲ್ಲಿ ಕೇಳಿರಿ.

ಕೊರತೆ ಕಂಡಾಗ, ಬಂದಷ್ಟು ಹಣವನ್ನೂ ಬಿಡಬೇಕೇ? ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2015ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ, ಪಾಲಿಸಿದಾರರು ನ್ಯಾಯ ಕೇಳಿ ಹೋದಾಗ ವೋಚರನ್ನು ತಡೆಗೋಡೆಯಾಗಿ ಬಳಸಬಾರದೆಂದು ಕಂಪನಿಗಳಿಗೆ ಸೂಚಿಸಿತು. 2016ರ ಜೂನಿನಲ್ಲಿ, ಹೊಣೆಯೂ ಮೊತ್ತವೂ ನಿಶ್ಚಿತವಾದ ಹಣವನ್ನು ತಡೆಹಿಡಿಯಬಾರದು, ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗದು ಎಂದು ಸ್ಪಷ್ಟಪಡಿಸಿತು.

ಹಾಗೆಂದು ಸುಮ್ಮನೆ ಸಹಿ ಹಾಕಿ ಆಮೇಲೆ ನೋಡೋಣವೆನ್ನುವುದು ಅಪಾಯ. ಮೋಸ, ತಪ್ಪು ಮಾಹಿತಿ ಅಥವಾ ಬಲವಂತದಿಂದ ಸಹಿ ಪಡೆದಿದ್ದರೆ ಗ್ರಾಹಕರು ಪರಿಹಾರ ಕೇಳಬಹುದೆಂದು ಸುಪ್ರೀಂ ಕೋರ್ಟು 1999ರ ಅಜ್ಮೀರ್ ಸಿಂಗ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಹೇಳಿತು. ಆದರೆ ಜೀನಸ್ ಪವರ್ ಪ್ರಕರಣದಲ್ಲಿ ಕಂಪನಿಯೊಂದು ಸಹಿ ಹಾಕಿ ಸುಮಾರು ಮೂರು ವಾರಗಳ ನಂತರ ಬಲವಂತದ ಮಾತೆತ್ತಿದಾಗ, ಆಧಾರವಿಲ್ಲದ ಬರಿಯ ಆರೋಪ ಸಾಲದೆಂದು ಅದೇ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಎರಡನ್ನೂ ಜೊತೆಗಿಟ್ಟು ಓದಿದರೆ ಆಕ್ಷೇಪವು ಸಹಿಯ ಹೊತ್ತಿಗೇ, ಬರಹದಲ್ಲಿ, ಕಾರಣಸಹಿತವಾಗಿ ಇರಬೇಕೆಂಬುದು ತಿಳಿಯುತ್ತದೆ.

ಸಹಿಯ ಮೇಲೆ ಹೀಗೆ ಬರೆಯಬಹುದು: ‘1,49,000 ರೂಪಾಯಿಯನ್ನು ಆಕ್ಷೇಪದೊಂದಿಗೆ, ಭಾಗಶಃ ಪಾವತಿಯಾಗಿ ಪಡೆದಿದ್ದೇನೆ. ಸವಕಳಿ ಲೆಕ್ಕದ ತಪ್ಪಿನಿಂದ ಉಳಿದ 12,000 ರೂಪಾಯಿಯ ಹಕ್ಕನ್ನು ಬಿಟ್ಟಿಲ್ಲ.’ ಬಳಿಕ ಅದರ ಫೋಟೋ ಇಟ್ಟುಕೊಳ್ಳಿರಿ. ಬರೆಯಲು ಬಿಡದಿದ್ದರೆ, ಅಥವಾ ಹಣ ನೇರವಾಗಿ ಖಾತೆಗೆ ಬಂದಿದ್ದರೆ, ಅಂದೇ ಇದೇ ಮಾತನ್ನು ಇಮೇಲ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿರಿ. ‘ಒಕ್ಕಣೆಯನ್ನು ನನ್ನ ಭಾಷೆಯಲ್ಲಿ ವಿವರಿಸಲಾಗಿದೆ’ ಎಂಬ ಸಾಲಿದ್ದರೆ, ನಿಜಕ್ಕೂ ಕನ್ನಡದಲ್ಲಿ ವಿವರಿಸಿದ ಹೊರತು ಅದಕ್ಕೆ ಸಹಿ ಹಾಕಬಾರದು. ಮೊತ್ತವನ್ನಾಗಲಿ ದಿನಾಂಕವನ್ನಾಗಲಿ ಖಾಲಿ ಬಿಟ್ಟ ವೋಚರಿಗಂತೂ ಸಹಿಯೇ ಬೇಡ.

ಮುಂದಿನ ಹೆಜ್ಜೆ ಕಂಪನಿಯ ದೂರು ಅಧಿಕಾರಿಗೆ ಪತ್ರ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ದೂರಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗಡಿಯ ನಮಗೆ ಇಲ್ಲೊಂದು ಅನುಕೂಲವಿದೆ. ದೂರುದಾರರ ವಾಸಸ್ಥಳವನ್ನಾಗಲಿ ಕಂಪನಿಯ ಶಾಖೆಯನ್ನಾಗಲಿ ಆಧರಿಸಿ ಕಚೇರಿಯನ್ನು ಆರಿಸಿಕೊಳ್ಳಬಹುದು. ಈರೋಡು ಜಿಲ್ಲೆಯ ನಿವಾಸಿಗಳಾಗಿ ಚೆನ್ನೈ ಕಚೇರಿಗೆ ಹೋಗಬಹುದು; ಪಾಲಿಸಿ ಚಾಮರಾಜನಗರದ ಅಥವಾ ಮೈಸೂರಿನ ಶಾಖೆಯದಾದರೆ ಬೆಂಗಳೂರಿನ ಕಚೇರಿಗೂ ಹೋಗಬಹುದು. ಒಂಬುಡ್ಸ್‌ಮನ್ ತೀರ್ಪಿಗೆ ಕಂಪನಿ ಬದ್ಧ. ಇದರ ಬದಲು ಎರಡು ವರ್ಷದೊಳಗೆ ಈರೋಡಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಆದರೆ ಆಯೋಗದಲ್ಲಿ ನಡೆಯುತ್ತಿರುವ ದೂರನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಖರ್ಚಿಲ್ಲದ ದಾರಿಯನ್ನೇ ಮೊದಲು ಹಿಡಿಯುವುದು ಮೇಲು.