ಸ್ಟೇಟಸ್‌ನಲ್ಲಿ ಕಾಣೋ ಆ ಬೋಳುತಲೆ ಯಾರು? ಒಂದೇ ಮುಖ, ಬೇಜಾರಿಗೂ ಅದೇ, ಕೊಂಕಿಗೂ ಅದೇ, ಸಿಟ್ಟಿಗೂ ಅದೇ!

ದಾವಣಗೆರೆ/ಹರಿಹರ: ಪಿಯು ರಿಸಲ್ಟ್ ಬಂದ ದಿನ ಹುಡುಗರ ವಾಟ್ಸಾಪ್ ಸ್ಟೇಟಸ್ ನೋಡಿ. ಆರ್‌ಸಿಬಿ ಸೋತ ರಾತ್ರಿ ನೋಡಿ. ಷೇರುಪೇಟೆ ಬಿದ್ದ ದಿನ ಟ್ರೇಡಿಂಗ್ ಗ್ರೂಪ್‌ಗಳನ್ನು ನೋಡಿ. ಎಲ್ಲೋ ಒಂದು ಕಡೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಗೆರೆಯಲ್ಲಿ ಬಿಡಿಸಿದ ಬೋಳುತಲೆಯ ಮನುಷ್ಯನೊಬ್ಬ ಕಾಣಿಸುತ್ತಾನೆ. ಹಣೆ ಮೇಲೆ ಸುಕ್ಕು, ಸೋತ ಕಣ್ಣು, ನಗುವೂ ಅಲ್ಲದ ಅಳುವೂ ಅಲ್ಲದ ಬಾಯಿ. ಮನೆಯ ಹಿರಿಯರಿಗೆ, ಗಲ್ಲಾದಲ್ಲಿ ಕೂತ ಅಂಗಡಿಯವರಿಗೆ "ಇದ್ಯಾವನಪ್ಪ ಇವ್ನು?" ಅನ್ನಿಸೋದು ಸಹಜ.

ಅವನ ಹೆಸರು ವೋಜಾಕ್. 'ಫೀಲ್ಸ್ ಗೈ' ಎಂದೂ ಕರೀತಾರೆ. ಎಮೋಜಿ ಥರ ಇವನಿಗೆ ಒಂದೇ ಅರ್ಥ ಇಲ್ಲ. ಎರಡು ಗೆರೆ ಬದಲಾದರೆ ಅರ್ಥವೇ ತಿರುಗುತ್ತದೆ. ಅದು ಗೊತ್ತಿಲ್ಲದೆ ಫಾರ್ವರ್ಡ್ ಮಾಡಿ ಪೇಚಿಗೆ ಸಿಕ್ಕವರೂ ಉಂಟು, ಮಕ್ಕಳ ನಿಜವಾದ ಬೇಜಾರನ್ನು ತಮಾಷೆ ಅಂದುಕೊಂಡು ಬಿಟ್ಟವರೂ ಉಂಟು.

ಎಲ್ಲಿಂದ ಬಂದ?

'ವೋಜಾಕ್' ಪೋಲೆಂಡ್ ದೇಶದ ಭಾಷೆಯ ಪದ. ಅಲ್ಲಿ ಅದರ ಉಚ್ಚಾರ 'ವೊಯಾಕ್', ಅರ್ಥ ಸೈನಿಕ. ಚಿತ್ರ ಮೊದಲು ಓಡಾಡಿದ್ದು ಪೋಲೆಂಡಿನ ಒಂದು ಚಿತ್ರ ಹಂಚಿಕೊಳ್ಳುವ ತಾಣದಲ್ಲಿ. 2010ರ ಹೊತ್ತಿಗೆ 'ವೋಜಾಕ್' ಎಂಬ ಹೆಸರಿಟ್ಟುಕೊಂಡ ಒಬ್ಬ ಬಳಕೆದಾರ ಅದನ್ನು ಜರ್ಮನಿಯ ಕ್ರೌಟ್‌ಚಾನ್ ತಾಣದಲ್ಲಿ ಮತ್ತೆ ಮತ್ತೆ ಹಾಕತೊಡಗಿದ. ಜೊತೆಗಿನ ಬರಹ ಹೆಚ್ಚಾಗಿ ಒಂದೇ ಥರ: ಒಬ್ಬಂಟಿತನ, ಜೊತೆಗೆ ಹುಡುಗಿ ಇಲ್ಲದ ಸಂಕಟ. ಹಾಕಿದವನ ಹೆಸರೇ ಚಿತ್ರಕ್ಕೆ ಅಂಟಿಕೊಂಡಿತು. ಗೆರೆ ಎಳೆದವನ ಹೆಸರು ಹಿಂದೆಯೇ ಉಳಿಯಿತು.

ಆಮೇಲೆ ಯಾರೋ ಇಂಥ ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡಂತೆ ಬಿಡಿಸಿದರು. "ನಿನ್ನ ಸಂಕಟ ನಂಗೂ ಗೊತ್ತು ಕಣೋ" ಅನ್ನೋದು ಅದರ ಅರ್ಥ. ಆ ಚಿತ್ರದಿಂದಲೇ ಇವನು ಜಗತ್ತಿನ ತುಂಬ ಪರಿಚಿತನಾದ. ಅಂದರೆ ಇವನು ಹುಟ್ಟಿದ್ದು ಯಾರನ್ನೋ ಆಡಿಕೊಳ್ಳೋಕೆ ಅಲ್ಲ, ತನ್ನ ಬೇಜಾರನ್ನು ಹೇಳಿಕೊಳ್ಳೋಕೆ.

ಚಿತ್ರ ಹರಡಿದ್ದಕ್ಕೆ ಅದರ ಸರಳತೆಯೇ ಕಾರಣ. ಮೊಬೈಲ್‌ನಲ್ಲಿ ಬೆರಳಿನಿಂದಲೇ ಇದನ್ನು ಬಿಡಿಸಬಹುದು, ತಿದ್ದಬಹುದು. ಟೋಪಿ ಹಾಕಿದರೆ ಒಬ್ಬ, ಮೀಸೆ ಇಟ್ಟರೆ ಇನ್ನೊಬ್ಬ. ಹಾಗಾಗಿಯೇ ಇವತ್ತು ಲೆಕ್ಕವಿಲ್ಲದಷ್ಟು ರೂಪಗಳಿವೆ.

ಗುರುತು ಹಿಡಿಯೋದು ಹೇಗೆ?

ಮೂರು ಜಾಗ ನೋಡಿದರೆ ಸಾಕು: ಹುಬ್ಬು, ಬಾಯಿ, ಬಣ್ಣ.

ಹುಬ್ಬಿನ ಒಳತುದಿ ಮೇಲಕ್ಕೆ, ಹೊರತುದಿ ಕೆಳಕ್ಕೆ ಇಳಿದು, ಬಾಯಿ ಮುಚ್ಚಿದ್ದು, ಮುಖ ಬರೀ ಬಿಳಿ ಇದ್ದರೆ ಅದು ಮೂಲ ರೂಪ. ಪಶ್ಚಾತ್ತಾಪ, ಒಬ್ಬಂಟಿತನ, "ಹಾಗೆ ಮಾಡಬಾರದಿತ್ತು" ಅನ್ನುವ ಭಾವ. ತಲೆಗೆ ಕಪ್ಪು ಉಣ್ಣೆ ಟೋಪಿ, ಬಾಯಲ್ಲಿ ಸಿಗರೇಟು, ಕಣ್ಣ ಕೆಳಗೆ ಕಪ್ಪು ಇದ್ದರೆ ಅವನು 'ಡೂಮರ್'. 2018ರ ಸುಮಾರಿಗೆ ಹರಡಿದ ಈ ರೂಪ, ಮುಂದೆ ಏನೂ ಒಳ್ಳೇದಾಗಲ್ಲ ಅಂತ ಕೈಚೆಲ್ಲಿದ ಇಪ್ಪತ್ತು ದಾಟಿದ ಹುಡುಗನದ್ದು.

ಕಣ್ಣು ಅರ್ಧ ಮುಚ್ಚಿ, ಒಂದು ಹುಬ್ಬು ಏರಿ, ತುಟಿಯ ಒಂದು ತುದಿ ಮೇಲಕ್ಕೆ ಎಳೆದಿದ್ದರೆ ಅದು ಕೊಂಕು ನಗೆ. "ನಾನು ಮೊದಲೇ ಹೇಳಿರಲಿಲ್ವಾ?" ಅನ್ನೋ ಜಂಬ. ಗ್ರಾಹಕರ ದೂರಿಗೆ ಅಥವಾ ಸಾಲ ಕೇಳಿದವರಿಗೆ ಇದನ್ನು ಕಳಿಸಿದರೆ ಅವರು ಅವಮಾನ ಅಂತಲೇ ತಗೋತಾರೆ. ಕಳಿಸಿದವರು 'ನಗುಮುಖ' ಅಂದುಕೊಂಡಿದ್ದರೂ ಅಷ್ಟೇ.

ಮುಖ ಗುಲಾಬಿ ಅಥವಾ ಕೆಂಪಾಗಿ, ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ರಕ್ತ ಬಂದಂತಿದ್ದರೆ ಅದು ಸಿಟ್ಟು, ಗಾಬರಿ, ನಷ್ಟ ಮೂರೂ ಸೇರಿದ ರೂಪ. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ದರ ಕುಸಿದಾಗ ದುಡ್ಡು ಕಳಕೊಂಡವರು ಹಾಕಿ ಹಾಕಿ ಇದು ಹೆಸರಾಯಿತು. ಟ್ರೇಡಿಂಗ್ ಗ್ರೂಪ್‌ನಲ್ಲಿ ಗುಲಾಬಿ ಮುಖಗಳು ಸಾಲಾಗಿ ಬಂದರೆ ಅಲ್ಲಿ ಯಾರೋ ಕೈ ಸುಟ್ಟುಕೊಂಡಿದ್ದಾರೆ ಎಂದೇ ಅರ್ಥ.

ಇನ್ನು ಬೂದು ಬಣ್ಣದ, ಯಾವ ಭಾವವೂ ಇಲ್ಲದ ಮುಖ. ಇದಕ್ಕೆ 'ಎನ್‌ಪಿಸಿ' ಅಂತಾರೆ. ವಿಡಿಯೊ ಗೇಮ್‌ನಲ್ಲಿ ಆಟಗಾರ ನಡೆಸದೆ ಕಂಪ್ಯೂಟರ್ ನಡೆಸುವ ಪಾತ್ರಗಳಿಗೆ ಇರುವ ಹೆಸರು ಅದು. "ನಿನಗೆ ಸ್ವಂತ ಬುದ್ಧಿ ಇಲ್ಲ, ಹೇಳಿಕೊಟ್ಟಿದ್ದು ಹೇಳ್ತೀಯ" ಅನ್ನೋ ಬೈಗುಳ. 2018ರ ಅಕ್ಟೋಬರ್‌ನಲ್ಲಿ, ಅಮೆರಿಕದ ಚುನಾವಣೆಗೆ ಮುಂಚೆ, ಈ ಮುಖ ಹಾಕಿಕೊಂಡು ತೆರೆದಿದ್ದ ಸುಮಾರು 1,500 ಖಾತೆಗಳನ್ನು ಟ್ವಿಟರ್ ಅಮಾನತು ಮಾಡಿತ್ತು. ತನ್ನ ಬೇಜಾರು ಹೇಳಿಕೊಳ್ಳಲು ಹುಟ್ಟಿದ ಮುಖ ಹೀಗೆ ಬೇರೆಯವರನ್ನು ಚುಚ್ಚುವ ಆಯುಧವೂ ಆಯಿತು.

ಮದುವೆ ಛತ್ರದ ಉದಾಹರಣೆ

ಈ ಮುಖದ ಜನಪ್ರಿಯ ಚಿತ್ರಗಳಲ್ಲಿ ಪಾರ್ಟಿಯದ್ದೂ ಒಂದು. ಎಲ್ಲರೂ ಕುಣೀತಾ ಇರ್ತಾರೆ, ತಲೆಗೆ ಕೋನಾಕಾರದ ಟೋಪಿ ಹಾಕಿಕೊಂಡ ಇವನೊಬ್ಬ ಮೂಲೆಯಲ್ಲಿ ಲೋಟ ಹಿಡಿದು ನಿಂತಿರ್ತಾನೆ. ತಲೆ ಮೇಲೆ ಅವನ ಮನಸ್ಸಿನ ಮಾತು: "ಇವರಿಗೆ ಗೊತ್ತಿಲ್ಲ…" 2020ರಲ್ಲಿ ಇದು ಮತ್ತೆ ಜೋರಾಗಿ ಓಡಿತು.

ಇದನ್ನೇ ನಮ್ಮೂರಿಗೆ ತಂದು ನೋಡಿ. ದಾವಣಗೆರೆಯ ಯಾವುದೋ ಛತ್ರದಲ್ಲಿ ಮದುವೆ. ಎಲ್ಲರೂ ಊಟದ ಸಾಲಿನಲ್ಲಿ ಗಲಾಟೆ ಮಾಡ್ತಾ ಇದ್ದಾರೆ, ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಕಂಬದ ಪಕ್ಕ ನಿಂತಿದ್ದಾನೆ. ಮೇಲೆ ಬರೆದಿದ್ದು "ಇವರಿಗೆ ಗೊತ್ತಿಲ್ಲ, ನಾನು ಬೆಣ್ಣೆ ದೋಸೆ ತಿಂದೇ ಬಂದಿದ್ದೀನಿ" ಅಂತಿದ್ದರೆ ಅದು ತಮಾಷೆ. ಆ ಹುಡುಗ ತನ್ನನ್ನೇ ಆಡಿಕೊಂಡಿದ್ದಾನೆ, ನೀವೂ ನಗಬಹುದು. "ಇವರಿಗೆ ಗೊತ್ತಿಲ್ಲ, ನಂದು ನಾಲ್ಕು ಸಬ್ಜೆಕ್ಟ್ ಹೋಗಿದೆ" ಅಂತಿದ್ದರೆ ನಗು ಅರ್ಧ. ಗೆಳೆಯರಿಗೆ ಹೇಳಿದ್ದಾನೆ, ಮನೇಲಿ ಹೇಳಿಲ್ಲ. "ಇವರಿಗೆ ಗೊತ್ತಿಲ್ಲ, ನಾನು ಇಲ್ಲದಿದ್ರೂ ಏನೂ ಬದಲಾಗಲ್ಲ" ಅಂತಿದ್ದರೆ ಅದನ್ನು ತಮಾಷೆ ಲೆಕ್ಕಕ್ಕೆ ಹಾಕಬೇಡಿ.

ಮೂರಕ್ಕೂ ಚಿತ್ರ ಒಂದೇ. ಅರ್ಥ ಇರೋದು ಬರಹದಲ್ಲಿ, ಹಾಕಿದವನ ಸಂದರ್ಭದಲ್ಲಿ. ಹಾಗಾಗಿ ಚಿತ್ರ ನೋಡಿ ಮುಂದೆ ಹೋಗದೆ ಮೇಲಿನ ಸಾಲು ಓದಬೇಕು.

ಇನ್ನೊಂದು ರೂಪವನ್ನು ಪೋಷಕರು ಗಮನಿಸಬೇಕು. ಕೊಂಕು ನಗೆಯ ಮುಖ ಒಂದು ಮುಖವಾಡ, ಅದರ ಹಿಂದೆ ಕಣ್ಣೀರು ಸುರಿಸುವ ಮೂಲ ವೋಜಾಕ್. ಹೆಚ್ಚಿನ ಸಲ ಇದೂ ತಮಾಷೆಯೇ. ಆದರೆ ಒಬ್ಬ ಹುಡುಗ ಅಥವಾ ಹುಡುಗಿ ವಾರಗಟ್ಟಲೆ ಇದೇ ಮುಖವಾಡ, ಇದೇ ಡೂಮರ್ ಹಾಕ್ತಾ ಇದ್ದು, ಜೊತೆಗೆ ಊಟ ಬಿಟ್ಟು, ನಿದ್ದೆ ಕೆಟ್ಟು, ಗೆಳೆಯರಿಂದ ದೂರವಾಗಿದ್ದರೆ ಆಗ ಸ್ಟೇಟಸ್ ಅನ್ನು ಸುಮ್ಮನೆ ಬಿಡಬಾರದು. ಒಂದು ಚಿತ್ರ ನೋಡಿ ತೀರ್ಮಾನ ಮಾಡೋದೂ ತಪ್ಪು. ನಡವಳಿಕೆ ಬದಲಾಗಿದೆಯಾ ಅನ್ನೋದೇ ಮುಖ್ಯ.

ಆಗ "ಇದೇನು ಹುಚ್ಚು ಸ್ಟೇಟಸ್?" ಅಂತ ಗದರಿದರೆ ಅವರು ನಿಮ್ಮನ್ನು ಸ್ಟೇಟಸ್ ನೋಡುವವರ ಪಟ್ಟಿಯಿಂದ ತೆಗೆದುಬಿಡ್ತಾರೆ, ಮುಂದೆ ನಿಮಗೇನೂ ಕಾಣಲ್ಲ. "ಯಾಕಪ್ಪಾ, ಮನಸ್ಸಿಗೆ ಏನಾಗಿದೆ?" ಅಂತ ನೇರವಾಗಿ, ಮೆಲ್ಲಗೆ ಕೇಳಿ. ಹೊರಗಿನ ನೆರವು ಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪೋಷಕರೂ ಕರೆ ಮಾಡಿ ಏನು ಮಾಡಬೇಕು ಅಂತ ಕೇಳಬಹುದು.

ಅಂಗಡಿ ಬೋರ್ಡಿಗೆ ಹಾಕುವ ಮುನ್ನ

ಈಗ ಮೊಬೈಲ್ ಅಂಗಡಿ, ಜ್ಯೂಸ್ ಸೆಂಟರ್, ಬಟ್ಟೆ ಅಂಗಡಿಯವರೂ ಮೀಮ್ ಮುಖಗಳನ್ನು ಆಫರ್ ಬೋರ್ಡಿಗೆ ಹಾಕಿಸೋದುಂಟು. "ಆಫರ್ ಮಿಸ್ ಮಾಡಿಕೊಂಡವನು" ಅಂತ ಬೇಜಾರಿನ ಮುಖ ಹಾಕಿದರೆ ಓದುವವರು ನಗ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ವಾಟ್ಸಾಪ್‌ನಿಂದ ಇಳಿಸಿದ ಚಿತ್ರವನ್ನು ಹಾಗೇ ಫ್ಲೆಕ್ಸ್‌ಗೆ ಕೊಟ್ಟರೆ ಕೆಡುತ್ತದೆ. 500 ಪಿಕ್ಸೆಲ್ ಅಗಲದ ಚಿತ್ರವನ್ನು 3 ಅಡಿಗೆ, ಅಂದರೆ 36 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 14 ಪಿಕ್ಸೆಲ್ ಕೂಡ ಬರಲ್ಲ. ಗೆರೆಯ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಬರೀ ಗೆರೆಯ ಚಿತ್ರವಾದ್ದರಿಂದ ಡಿಸೈನ್ ಮಾಡುವವರಿಗೆ ಕೋರಲ್ ಡ್ರಾದಲ್ಲಿ ಹೊಸದಾಗಿ ಗೆರೆ ಎಳೆದುಕೊಡಲು ಹೇಳಿ. ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಗೆರೆ ನಯವಾಗಿರುತ್ತದೆ.

ಎಲ್ಲ ಮೀಮ್ ಮುಖವೂ ಬಿಟ್ಟಿ ಸಿಕ್ಕಿದ್ದು ಅಂದುಕೊಳ್ಳಬೇಡಿ. ಹಲ್ಲು ಕಿರಿಯುವ 'ಟ್ರೋಲ್ ಫೇಸ್' ಅನ್ನು 2008ರಲ್ಲಿ ಬಿಡಿಸಿದ ಅಮೆರಿಕದ ಕಾರ್ಲೋಸ್ ರಮಿರೆಜ್ 2010ರಲ್ಲಿ ಅದರ ಕಾಪಿರೈಟ್ ನೋಂದಾಯಿಸಿಕೊಂಡಿದ್ದಾರೆ. ಹಸಿರು ಕಪ್ಪೆ 'ಪೆಪೆ'ಗೂ ಮ್ಯಾಟ್ ಫ್ಯೂರಿ ಎಂಬ ಚಿತ್ರಕಾರ ಯಜಮಾನರಿದ್ದಾರೆ. ವ್ಯಾಪಾರಕ್ಕೆ ಬಳಸುವುದಾದರೆ ನಿಮ್ಮದೇ ಒಂದು ಬೇಜಾರಿನ ಮುಖ ಬಿಡಿಸಿಕೊಳ್ಳುವುದೇ ಸುರಕ್ಷಿತ.

ಎಲ್ಲಕ್ಕಿಂತ ಹೆಚ್ಚಾಗಿ, ಬಾಕಿ ಉಳಿಸಿಕೊಂಡ ಗಿರಾಕಿಯ ಫೋಟೊ ತೆಗೆದು, ಅಳುವ ಅಥವಾ ಬೂದು ಮುಖಕ್ಕೆ ಅಂಟಿಸಿ, ಹೆಸರು ಹಾಕಿ ಗ್ರೂಪ್‌ಗೆ ಬಿಡಬೇಡಿ. ಗೆರೆಚಿತ್ರಕ್ಕೆ ಹೆಸರಿಲ್ಲ, ಅದಕ್ಕೇ ಅದು ಎಲ್ಲರ ಬೇಜಾರಿಗೂ ಹೊಂದುತ್ತದೆ. ಒಬ್ಬರ ಹೆಸರು, ಫೋಟೊ ಸೇರಿದ ಕೂಡಲೇ ಅದು ಅವರ ಮಾನದ ಪ್ರಶ್ನೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನಹಾನಿಗೆ ಸಂಬಂಧಿಸಿದ್ದು. ಚಿತ್ರದ ಮೂಲಕ ಮಾಡಿದ ಮಾನಹಾನಿಯೂ ಅದರಡಿ ಬರುತ್ತದೆ. ನಿಮ್ಮ ಫೋಟೊವನ್ನೇ ಯಾರಾದರೂ ಹೀಗೆ ಬಳಸಿದ್ದರೆ ಡಿಲೀಟ್ ಆಗುವ ಮುಂಚೆ ನಂಬರ್, ದಿನ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೂರನ್ನು cybercrime.gov.in ತಾಣದಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ಕೊಡಬಹುದು.

ಮುಂದಿನ ಸಲ ಆ ಬೋಳುತಲೆ ಸ್ಟೇಟಸ್‌ನಲ್ಲಿ ಕಂಡರೆ ಹುಬ್ಬು, ಬಾಯಿ, ಬಣ್ಣ ನೋಡಿ. ಆಮೇಲೆ ಮೇಲಿನ ಸಾಲು ಓದಿ. ಹಾಕಿದವರು ನಿಮ್ಮ ಮನೆಯವರೇ ಆಗಿದ್ದರೆ ಲೈಕ್ ಒತ್ತುವ ಬದಲು ಒಂದು ಫೋನ್ ಮಾಡಿ.